ಮಧ್ಯರಾತ್ರಿಯ ತಲೆ ಎಣಿಕೆ



ನಾನು ಕುಕ್ ಟೌನಿನವನು. ದೊಡ್ಡಿಗುಂಟೆಯ ಹತ್ತಿರ ನಮ್ಮ ಮನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಪೂರ್ವ ಭಾಗದ ಒಂದು ಆಸ್ಪತ್ರೆಯಲ್ಲಿ ರೆಕಾರ್ಡ್ಸ್ ವಿಭಾಗದ ಕೆಲಸ ಮಾಡಿ ನಿವೃತ್ತನಾದೆ. ಕೇಸ್ ಶೀಟುಗಳನ್ನು ಜೋಡಿಸಿಡುವುದು, ದಾಖಲಾದವರ ಮತ್ತು ಬಿಡುಗಡೆಯಾದವರ ರಿಜಿಸ್ಟರುಗಳನ್ನು ತಾಳೆ ನೋಡುವುದು, ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುವುದು, ಇದು ನನ್ನ ಕೆಲಸ. ಆ ತಿಂಗಳ ಲೆಕ್ಕದಲ್ಲಿ ಎರಡು ಅಂಕಿಗಳನ್ನು ಎಲ್ಲರೂ ಮೊದಲು ನೋಡುತ್ತಿದ್ದರು. ಹಾಸಿಗೆಗಳು ಶೇಕಡಾ ಎಷ್ಟು ಭರ್ತಿಯಾಗಿದ್ದವು ಅನ್ನುವುದು ಒಂದು. ಒಬ್ಬ ರೋಗಿ ಸರಾಸರಿ ಎಷ್ಟು ದಿನ ನಮ್ಮಲ್ಲಿ ಇದ್ದ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬೆಡ್ ಆಕ್ಯುಪೆನ್ಸಿ ಎಂದೂ ಎರಡನೆಯದಕ್ಕೆ ಆವರೇಜ್ ಸ್ಟೇ ಎಂದೂ ಆಸ್ಪತ್ರೆಗಳಲ್ಲಿ ಹೇಳುತ್ತಾರೆ. ಹಾಸಿಗೆ ಭರ್ತಿ, ಸರಾಸರಿ ವಾಸ್ತವ್ಯ ಎಂದು ನಾನು ಕರೆಯುತ್ತೇನೆ.

2021ರ ಏಪ್ರಿಲ್, ಮೇ ತಿಂಗಳುಗಳ ಕೋವಿಡ್ ಕಾಲವನ್ನು ಈ ಊರಿನವರು ಯಾರೂ ಮರೆತಿರಲಾರರು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಒಂದೇ ಪ್ರಶ್ನೆ: "ಅಲ್ಲಿ ಬೆಡ್ ಇದೆಯಾ?" ಇದೆ, ಇಲ್ಲ ಎಂಬ ಆ ಉತ್ತರ ಎಲ್ಲಿಂದ ಹುಟ್ಟುತ್ತದೆ, ಅದನ್ನು ಯಾರು, ಯಾವ ಗಳಿಗೆಯಲ್ಲಿ, ಏನನ್ನು ಎಣಿಸಿ ಹೇಳುತ್ತಾರೆ ಎಂದು ಆಗ ಅನೇಕರು ನನ್ನನ್ನು ಕೇಳಿದರು. ಇವತ್ತು ಒಂದು ವಾರ್ಡಿನ ಒಂದು ತಿಂಗಳ ಲೆಕ್ಕವನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಕೇಳುವಾಗ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ.

ಗಂಡಸರ ಜನರಲ್ ವಾರ್ಡು. 20 ಮಂಚಗಳು. ಜೂನ್ ತಿಂಗಳು, 30 ದಿನ.

ರಾತ್ರಿ ಹನ್ನೆರಡಕ್ಕೆ ನೈಟ್ ಡ್ಯೂಟಿಯ ಸಿಸ್ಟರ್ ಟಾರ್ಚು ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಾರೆ. ಮಲಗಿರುವವರನ್ನು ಎಣಿಸುತ್ತಾರೆ. ಪುಸ್ತಕದಲ್ಲಿ ಬರೆಯುತ್ತಾರೆ: ಇವತ್ತು 17. ಇದಕ್ಕೆ ಮಿಡ್‌ನೈಟ್ ಸೆನ್ಸಸ್ ಎಂದು ಹೆಸರು. ಹಾಸಿಗೆ ಭರ್ತಿಯ ಲೆಕ್ಕವೆಲ್ಲ ಈ ಒಂದು ಸಾಲಿನಿಂದ ಶುರುವಾಗುತ್ತದೆ. ಆ ರಾತ್ರಿ ಆ ಮಂಚದಲ್ಲಿ ಒಬ್ಬ ರೋಗಿ ಇದ್ದರೆ ಒಂದು 'ಹಾಸಿಗೆ ದಿನ' ಆಯಿತು. 17 ಜನ ಇದ್ದರೆ 17 ಹಾಸಿಗೆ ದಿನ. ಮೂವತ್ತು ರಾತ್ರಿಗಳ ಎಣಿಕೆಯನ್ನು ಕೂಡಿಸಿದರೆ ತಿಂಗಳಲ್ಲಿ ಬಳಕೆಯಾದ ಹಾಸಿಗೆ ದಿನಗಳು ಸಿಗುತ್ತವೆ. ನಮ್ಮ ವಾರ್ಡಿನಲ್ಲಿ ಆ ಜೂನಿನಲ್ಲಿ ಅದು 492.

ಇದ್ದ ಹಾಸಿಗೆ ದಿನಗಳು ಎಷ್ಟು? 20 ಮಂಚ, 30 ದಿನ, ಒಟ್ಟು 600. ಈಗ 492ನ್ನು 600ರಿಂದ ಭಾಗಿಸಿ ನೂರರಿಂದ ಗುಣಿಸಿ. ಶೇಕಡಾ 82. ಇದೇ ಆ ತಿಂಗಳ ಹಾಸಿಗೆ ಭರ್ತಿ. ಬೇರೆ ಮಾತಿನಲ್ಲಿ ಹೇಳುವುದಾದರೆ, ದಿನಕ್ಕೆ ಸರಾಸರಿ 16.4 ಮಂಚಗಳಲ್ಲಿ ಜನರಿದ್ದರು.

ಎಣಿಕೆಗೆ ಮಧ್ಯರಾತ್ರಿಯೇ ಏಕೆ? ಹಗಲಿನಲ್ಲಿ ವಾರ್ಡು ಸಂತೆಯಂತಿರುತ್ತದೆ. ಒಬ್ಬರು ಹೊರಟಿರುತ್ತಾರೆ, ಒಬ್ಬರು ಬಂದಿರುತ್ತಾರೆ, ಒಬ್ಬರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿರುತ್ತಾರೆ. ಹನ್ನೆರಡು ಗಂಟೆಗೆ ಓಡಾಟ ನಿಂತಿರುತ್ತದೆ, ತಾರೀಖು ಬದಲಾಗುವ ಹೊತ್ತೂ ಅದೇ. ಮುಖ್ಯವಾದ ಕಾರಣ ಇನ್ನೊಂದಿದೆ. ಆ ಒಂದು ಗಳಿಗೆಯಲ್ಲಿ ಒಂದು ಮಂಚದಲ್ಲಿ ಒಬ್ಬನೇ ಇರಲು ಸಾಧ್ಯ. ಬೆಳಿಗ್ಗೆ ಹೊರಟವನೂ ಸಂಜೆ ಅದೇ ಮಂಚಕ್ಕೆ ಬಂದವನೂ ಒಂದೇ ದಿನದಲ್ಲಿ ಎರಡು ಸಲ ಎಣಿಕೆಗೆ ಸಿಗುವುದಿಲ್ಲ.

ಆ ಜೂನಿನಲ್ಲಿ ನಾನು ಎಡವಿದ್ದು ಇಲ್ಲೇ. ಸೆನ್ಸಸ್ ಪುಸ್ತಕದ ಕೆಲವು ಹಾಳೆಗಳು ತಕ್ಷಣ ಕೈಗೆ ಸಿಗಲಿಲ್ಲ. ಹೋಗಲಿ, ದಾಖಲಾತಿ ಮತ್ತು ಬಿಡುಗಡೆಯ ತಾರೀಖುಗಳಿಂದಲೇ ದಿನಗಳನ್ನು ಲೆಕ್ಕ ಹಾಕಿಬಿಡೋಣ ಎಂದು ಕೂತೆ. 3ನೇ ತಾರೀಖು ಬಂದವನು 7ನೇ ತಾರೀಖು ಹೋಗಿದ್ದಾನೆ. ಬೆರಳು ಮಡಚಿದೆ: ಮೂರು, ನಾಲ್ಕು, ಐದು, ಆರು, ಏಳು. ಐದು ದಿನ ಎಂದು ಬರೆದೆ. ಎಲ್ಲರಿಗೂ ಹಾಗೇ ಬರೆದೆ. ತಿಂಗಳ ಹಾಸಿಗೆ ಭರ್ತಿ ಶೇಕಡಾ 98 ಬಂತು. ವಾರ್ಡು ತುಂಬಿ ತುಳುಕುತ್ತಿದೆ ಎಂದು ವರದಿ ಹೋಯಿತು, ಇನ್ನು ನಾಲ್ಕು ಮಂಚ ಹಾಕಬೇಕು ಎಂಬ ಮಾತೂ ಎದ್ದಿತು.

ಆ ವಾರ್ಡಿನ ಹಿರಿಯ ಸಿಸ್ಟರ್ ಮಂಗಳೂರು ಕಡೆಯವರು. ಮಾತು ಕಮ್ಮಿ. ವರದಿ ನೋಡಿ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಸರ್, ಇದು ಯಾವ ವಾರ್ಡಿನ ಲೆಕ್ಕ?" ಅಂದರು. "ನಿಮ್ಮದೇ ಸಿಸ್ಟರ್" ಅಂದೆ. "ನನ್ನ ವಾರ್ಡಲ್ಲಿ ಎಷ್ಟೋ ರಾತ್ರಿ ಮೂರು ನಾಲ್ಕು ಮಂಚ ಖಾಲಿ ಇರ್ತದೆ. ನೀವು ಒಂದು ರಾತ್ರಿ ಬಂದು ನೋಡಿ" ಅಂದರು.

ಹೋಗಿ ನೋಡಿದೆ. ಅವರು ಹೇಳಿದ್ದೇ ಸರಿ. ತಪ್ಪು ಎಲ್ಲಿತ್ತೆಂದರೆ, ಬಂದ ದಿನ, ಹೋದ ದಿನ ಎರಡನ್ನೂ ನಾನು ಎಣಿಸಿದ್ದೆ. 3ನೇ ತಾರೀಖು ಬಂದು 7ಕ್ಕೆ ಹೋದವನು ಆ ಮಂಚದಲ್ಲಿ ಕಳೆದ ಮಧ್ಯರಾತ್ರಿಗಳು ನಾಲ್ಕು: 3, 4, 5, 6. ಏಳರಿಂದ ಮೂರು ಕಳೆದರೂ ನಾಲ್ಕೇ. ತಾರೀಖಿನ ಕಳೆಯುವ ಲೆಕ್ಕ, ಸಿಸ್ಟರ್ ಟಾರ್ಚು ಹಿಡಿದು ಮಾಡಿದ ಎಣಿಕೆ, ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ನಾನು ಪ್ರತಿಯೊಬ್ಬರಿಗೂ ಒಂದು ದಿನ ಹೆಚ್ಚು ಕೊಟ್ಟಿದ್ದೆ. ಆ ತಿಂಗಳು ಬಿಡುಗಡೆಯಾದವರು 96 ಮಂದಿ. 492ಕ್ಕೆ 96 ಸೇರಿಸಿ, 588. ಅದನ್ನು 600ರಿಂದ ಭಾಗಿಸಿದರೆ ಶೇಕಡಾ 98. ಬೆರಳು ಮಡಚುವುದರಲ್ಲಿ ಆದ ಒಂದು ತಪ್ಪಿನಿಂದ ಶೇಕಡಾ 82 ಇದ್ದದ್ದು 98 ಆಗಿತ್ತು. ಇಂಥ ತಪ್ಪು ದೊಡ್ಡದಾಗಿ ಕಾಣುವುದು ರೋಗಿಗಳು ಬೇಗ ಬೇಗ ಬಂದು ಹೋಗುವ ವಾರ್ಡುಗಳಲ್ಲಿ. ತಿಂಗಳುಗಟ್ಟಲೆ ಮಲಗುವವರ ವಾರ್ಡಿನಲ್ಲಿ ಒಂದು ದಿನ ಹೆಚ್ಚಾದರೆ ಗೊತ್ತೇ ಆಗುವುದಿಲ್ಲ. ಎರಡು ಮೂರು ದಿನಕ್ಕೆ ಹೋಗುವವರ ವಾರ್ಡಿನಲ್ಲಿ ಭರ್ತಿ ನೂರನ್ನು ದಾಟಿಬಿಡುತ್ತದೆ.

ಹಾಗಾದರೆ ಬೆಳಿಗ್ಗೆ ಬಂದು ಸಂಜೆಯೇ ಹೋದವನು? ಅವನಿಗೆ ಒಂದು ಮಧ್ಯರಾತ್ರಿಯೂ ಸಿಗುವುದಿಲ್ಲ, ಕಳೆಯುವ ಲೆಕ್ಕದಲ್ಲಿ ಸೊನ್ನೆ ಬರುತ್ತದೆ. ಅಂಥವನಿಗೆ ಒಂದು ದಿನ ಎಂದು ಬರೆಯುವುದು ರೂಢಿ. ಡಯಾಲಿಸಿಸ್‌ಗೆ, ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದು ಅವತ್ತೇ ಹೋಗುವವರನ್ನು ಡೇ ಕೇರ್ ರಿಜಿಸ್ಟರಿನಲ್ಲಿ ಬೇರೆಯಾಗಿಯೇ ಇಡಬೇಕು. ಅವರನ್ನು ವಾರ್ಡಿನವರ ಜತೆ ಬೆರೆಸಿದರೆ ಸರಾಸರಿ ವಾಸ್ತವ್ಯ ಸುಳ್ಳೇ ಇಳಿಯುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿರುವ ದಿನವನ್ನು ಈ ಲೆಕ್ಕಕ್ಕೆ ತರಬೇಡಿ ಎಂದು ನನ್ನ ಕೈಕೆಳಗಿನ ಹುಡುಗರಿಗೆ ನಾನು ಸದಾ ಹೇಳುತ್ತಿದ್ದೆ. ಬಿಲ್ಲಿನ ದಿನ ಆಯಾ ಆಸ್ಪತ್ರೆಯ ನಿಯಮದಂತೆ ಶುರುವಾಗುತ್ತದೆ, ಮುಗಿಯುತ್ತದೆ. ರಿಜಿಸ್ಟರಿನ ದಿನಕ್ಕೆ ಮಧ್ಯರಾತ್ರಿಯೊಂದೇ ಗಡಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿಬರುತ್ತೇನೆ. ಕುಕ್ ಟೌನಿನಿಂದ ಶಿವಾಜಿನಗರದ ಕಡೆ ಹೋದರೆ ಬೌರಿಂಗ್ ಆಸ್ಪತ್ರೆ ಸಿಗುತ್ತದೆ. ಲೂಯಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, 1866ರಲ್ಲಿ, ಅದಕ್ಕೆ ಅಡಿಗಲ್ಲು ಬಿತ್ತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ ಅದನ್ನು ಕಟ್ಟಿದರು. ಆ ಪ್ಯಾರಿಸ್ ಮಾದರಿಯನ್ನು, ಅಂದರೆ ಗಾಳಿ ಬೆಳಕು ಎರಡೂ ಕಡೆಯಿಂದ ಬರುವ ಬಿಡಿ ಬಿಡಿ ವಾರ್ಡುಗಳನ್ನು, ಬಲವಾಗಿ ಎತ್ತಿ ಹಿಡಿದವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಮಹಿಳೆ ಎಂದು ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಅವರೇ. ರೆಕಾರ್ಡ್ಸ್ ಕೆಲಸದವನಾದ ನನಗೆ ಅವರ ದೀಪಕ್ಕಿಂತ ಅವರ ನಮೂನೆಯ ಮೇಲೆ ಗೌರವ ಹೆಚ್ಚು. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ, ಎಲ್ಲ ಆಸ್ಪತ್ರೆಗಳೂ ಒಂದೇ ರೀತಿಯ ನಮೂನೆಯಲ್ಲಿ ಲೆಕ್ಕ ಇಡಬೇಕೆಂದು ಅವರು ಸೂಚಿಸಿದರು. ಮೊದಲ ದಿನ ಉಳಿದಿದ್ದವರು ಎಷ್ಟು, ಸೇರಿದವರು ಎಷ್ಟು, ಬಿಡುಗಡೆಯಾದವರು ಎಷ್ಟು, ತೀರಿಕೊಂಡವರು ಎಷ್ಟು, ಕೊನೆಯ ದಿನ ಉಳಿದವರು ಎಷ್ಟು, ಪ್ರತಿ ಕಾಯಿಲೆಗೆ ಸರಾಸರಿ ಎಷ್ಟು ದಿನ. 1863ರ ಹೊತ್ತಿಗೆ ಆಸ್ಪತ್ರೆಗಳ ಬಗ್ಗೆ ಅವರು ಬರೆದ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಈ ವಿಚಾರ ವಿಸ್ತಾರವಾಗಿ ಬಂತು. ಇವತ್ತು ನಮ್ಮ ವಾರ್ಡುಗಳಲ್ಲಿ ಬರೆಯುವ ಸಾಲುಗಳು ಬಹುಮಟ್ಟಿಗೆ ಅವೇ.

ಆ ಸಾಲುಗಳಲ್ಲೇ ಒಂದು ಪರೀಕ್ಷೆಯೂ ಅಡಗಿದೆ. ನಮ್ಮ ಜೂನ್ ತಿಂಗಳನ್ನು ಅದಕ್ಕೆ ಹಾಕಿ ನೋಡೋಣ. ಮೇ 31ರ ಮಧ್ಯರಾತ್ರಿ ವಾರ್ಡಿನಲ್ಲಿದ್ದವರು 15. ಜೂನಿನಲ್ಲಿ ಸೇರಿದವರು 98. ಹೋದವರು 96, ತೀರಿಕೊಂಡವರೂ ಅದರಲ್ಲೇ ಸೇರಿದ್ದಾರೆ. 15ಕ್ಕೆ 98 ಕೂಡಿಸಿ 96 ಕಳೆದರೆ 17. ಜೂನ್ 30ರ ರಾತ್ರಿ ಸಿಸ್ಟರ್ ಎಣಿಸಿದ್ದೂ 17 ಆಗಿದ್ದರೆ ರಿಜಿಸ್ಟರು ಸರಿಯಾಗಿದೆ. ರಿಜಿಸ್ಟರು 18 ಎಂದು ಹೇಳಿ ಮಂಚದಲ್ಲಿ 17 ಜನರಿದ್ದರೆ, ಯಾರೋ ಒಬ್ಬರು ಹೋಗಿದ್ದಾರೆ, ಪುಸ್ತಕದಲ್ಲಿ ಮಾತ್ರ ಇನ್ನೂ ಮಲಗಿದ್ದಾರೆ. ಬಹಳ ಸಲ ಅದು ಯಾರಿಗೂ ಹೇಳದೆ ರಾತ್ರೋರಾತ್ರಿ ಹೊರಟುಹೋದ ರೋಗಿ. ಕೆಲವು ಸಲ ರೋಗಿಯನ್ನು ಐಸಿಯುವಿಗೆ ಕಳಿಸಿದ್ದನ್ನು ವಾರ್ಡಿನವರು ಬರೆದಿರುವುದಿಲ್ಲ. ಇದರ ಉಲ್ಟಾ ತಪ್ಪೂ ಇದೆ. ಐಸಿಯುವಿನಿಂದ ವಾರ್ಡಿಗೆ ಬಂದವನನ್ನು ಅಲ್ಲಿ ಬಿಡುಗಡೆ, ಇಲ್ಲಿ ಹೊಸ ದಾಖಲಾತಿ ಎಂದು ಬರೆದುಬಿಟ್ಟರೆ ಇಡೀ ಆಸ್ಪತ್ರೆಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಇಬ್ಬರಾಗುತ್ತಾನೆ, ಅವನ ಹತ್ತು ದಿನ ಐದೈದಾಗಿ ಒಡೆಯುತ್ತದೆ. ವಾರ್ಡು ಬದಲಾದರೂ ಐಪಿ ನಂಬರು ಬದಲಾಗಬಾರದು ಎಂಬ ಕಟ್ಟುನಿಟ್ಟು ಇರುವುದು ಇದಕ್ಕೇ.

ಈಗ ಸರಾಸರಿ ವಾಸ್ತವ್ಯಕ್ಕೆ ಬರೋಣ. ಇದಕ್ಕೆ ಮಧ್ಯರಾತ್ರಿಯ ಪುಸ್ತಕ ಬೇಡ, ಬಿಡುಗಡೆಯ ರಿಜಿಸ್ಟರು ಬೇಕು. ಜೂನಿನಲ್ಲಿ ಹೊರಟ 96 ಜನರಲ್ಲಿ ಪ್ರತಿಯೊಬ್ಬರೂ ಬಂದ ದಿನದಿಂದ ಹೋದ ದಿನದವರೆಗೆ ಎಷ್ಟು ದಿನ ಇದ್ದರು ಎಂದು ಬರೆದು ಕೂಡಿಸಬೇಕು. ನಮಗೆ ಬಂದ ಮೊತ್ತ 528. ಅದನ್ನು 96ರಿಂದ ಭಾಗಿಸಿದರೆ 5.5 ದಿನ.

"ಹಾಸಿಗೆ ದಿನಗಳು 492, ಇಲ್ಲಿ 528. ಎರಡೂ ಅದೇ ವಾರ್ಡು, ಅದೇ ತಿಂಗಳು. ಒಂದೇ ಆಗಬೇಕಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಬೇಕಿಲ್ಲ. ಮೊದಲನೆಯ ಲೆಕ್ಕ ತಿಂಗಳನ್ನು ಹಿಡಿದು ಮಾಡಿದ್ದು. ಜೂನ್ 1ರಿಂದ 30ರವರೆಗೆ ಯಾರು ಮಲಗಿದ್ದರೂ ಸರಿ, ಅವರು ಹೋದರೋ ಇದ್ದಾರೋ ಅದಕ್ಕೆ ಬೇಕಿಲ್ಲ. ಎರಡನೆಯದು ಮನುಷ್ಯರನ್ನು ಹಿಡಿದು ಮಾಡಿದ್ದು. ಜೂನಿನಲ್ಲಿ ಹೊರಟವನು ಏಪ್ರಿಲ್‌ನಲ್ಲಿ ಬಂದಿದ್ದರೆ ಅವನ ಏಪ್ರಿಲ್, ಮೇ ದಿನಗಳೂ ಅದರೊಳಗೆ ಬರುತ್ತವೆ. ಜೂನ್ 30ಕ್ಕೆ ಇನ್ನೂ ಮಲಗಿರುವವನ ಒಂದು ದಿನವೂ ಬರುವುದಿಲ್ಲ. ಅವನ ಲೆಕ್ಕ ಅವನು ಹೊರಟ ತಿಂಗಳಿಗೆ.

ಇದನ್ನು ತಾಳೆ ಹಾಕಲು ಬರುತ್ತದೆ. ಮೇ ಕೊನೆಗೆ ಮಲಗಿದ್ದ 15 ಜನರೂ ಜೂನಿನಲ್ಲಿ ಹೊರಟರು. ಅವರೆಲ್ಲರೂ ಜೂನಿಗೆ ಮುಂಚೆ ಕಳೆದ ದಿನಗಳು ಒಟ್ಟು 97. ಜೂನ್ ಕೊನೆಗೆ ಉಳಿದ 17 ಜನ ಜೂನಿನಲ್ಲಿ ಕಳೆದ ದಿನಗಳು 61. 492ಕ್ಕೆ 97 ಕೂಡಿಸಿ 61 ಕಳೆದರೆ 528. ಈ ತಾಳೆ ಕೂಡಿ ಬಂದರೆ ಎರಡು ರಿಜಿಸ್ಟರುಗಳೂ ಒಂದೇ ಸತ್ಯವನ್ನು ಹೇಳುತ್ತಿವೆ ಎಂದು ಧೈರ್ಯವಾಗಿ ಸಹಿ ಹಾಕಬಹುದು. ಕೂಡದಿದ್ದರೆ ಒಂದೊಂದೇ ಕೇಸ್ ಶೀಟು ತೆಗೆಯಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.

ಆದರೆ ಆ 97ರೊಳಗೆ ಒಂದು ಕಥೆಯಿದೆ. 97ರಲ್ಲಿ 57 ದಿನ ಒಬ್ಬರದೇ. ಜೀವನಹಳ್ಳಿ ಕಡೆಯ ಒಬ್ಬ ಹಿರಿಯರು. ವಾರ್ಡಿನವರೆಲ್ಲ ತಾತ ಎಂದೇ ಕರೆಯುತ್ತಿದ್ದರು. ಬಿದ್ದು ಸೊಂಟದ ಮೂಳೆ ಮುರಿದು ಏಪ್ರಿಲ್ 5ಕ್ಕೆ ಸೇರಿದರು. ಆಪರೇಷನ್ ಆಯಿತು. ಅವರು ಹೊರಟಿದ್ದು ಜೂನ್ 22ಕ್ಕೆ. ಏಪ್ರಿಲ್‌ನಲ್ಲಿ 26 ರಾತ್ರಿ, ಮೇ ತಿಂಗಳಲ್ಲಿ 31, ಜೂನಿನಲ್ಲಿ 21. ಒಟ್ಟು 78 ದಿನ.

ಈ 78 ಪೂರ್ತಿಯಾಗಿ ಜೂನಿನ ಸರಾಸರಿ ವಾಸ್ತವ್ಯಕ್ಕೆ ಬಂದು ಬಿತ್ತು. ಏಪ್ರಿಲ್, ಮೇ ತಿಂಗಳ ಸರಾಸರಿಗಳಲ್ಲಿ ತಾತನ ಸುಳಿವೇ ಇಲ್ಲ. ತಾತನನ್ನು ಬಿಟ್ಟು ಉಳಿದ 95 ಜನರ ಲೆಕ್ಕ ಮಾಡಿದರೆ 450 ದಿನ, ಸರಾಸರಿ 4.7. ಒಬ್ಬರೇ ಒಬ್ಬರು 96 ಜನರ ಸರಾಸರಿಯನ್ನು ಮುಕ್ಕಾಲು ದಿನ ಮೇಲಕ್ಕೆ ಎತ್ತಿದ್ದರು. ಮೇಲಿನವರು ಜೂನಿನ 5.5ನ್ನು ನೋಡಿ, "ಡಾಕ್ಟರುಗಳು ರೋಗಿಗಳನ್ನು ತಡವಾಗಿ ಬಿಡುತ್ತಿದ್ದಾರೆಯೇ?" ಎಂದು ಕೇಳಿದರು. ಡಾಕ್ಟರುಗಳು ಯಾರನ್ನೂ ತಡವಾಗಿ ಬಿಟ್ಟಿರಲಿಲ್ಲ. ಹೀಗಾಗಿ ನಾನು ಸರಾಸರಿಯ ಪಕ್ಕದಲ್ಲಿ ನಡುವಿನ ಅಂಕಿಯನ್ನೂ ಬರೆಯಲು ಶುರುಮಾಡಿದೆ. ಎಲ್ಲರ ದಿನಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ಸಾಲಿನ ಮಧ್ಯದಲ್ಲಿ ಬರುವ ಅಂಕಿ ಅದು. ನಮ್ಮಲ್ಲಿ ಅದು 4 ದಿನ. ತಾತ 78 ದಿನ ಇದ್ದರೂ 178 ದಿನ ಇದ್ದರೂ ಆ ನಡುವಿನ ಅಂಕಿ ಅಲುಗುವುದಿಲ್ಲ. ಸರಾಸರಿಗೂ ನಡುವಿನ ಅಂಕಿಗೂ ದೂರ ಹೆಚ್ಚಾದಾಗ, ಬಹಳ ದಿನ ಇದ್ದ ಒಂದಿಬ್ಬರು ಯಾರು ಎಂದು ಹುಡುಕಬೇಕು. ಅವರನ್ನು ಲೆಕ್ಕದಿಂದ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಆ ಮಂಚದಲ್ಲಿ ಮಲಗಿದ್ದವರು ಅವರೇ. ಅವರನ್ನು ಲೆಕ್ಕದಲ್ಲಿಟ್ಟೇ ಬೇರೆಯಾಗಿ ತೋರಿಸಬೇಕು.

ಹಾಸಿಗೆ ಭರ್ತಿಗೆ ಮತ್ತೆ ಬರುತ್ತೇನೆ. ಶೇಕಡಾ 82 ಅಂದಾಗ 20ರಲ್ಲಿ ಮೂರಕ್ಕಿಂತ ಹೆಚ್ಚು ಮಂಚ ಖಾಲಿ ಇದ್ದವು ಅನಿಸುತ್ತದೆ. ಹಾಗಿದ್ದೂ ಅದೇ ಜೂನಿನಲ್ಲಿ ಎಷ್ಟೋ ಜನರಿಗೆ ನಾವು "ಬೆಡ್ ಇಲ್ಲ" ಎಂದು ಹೇಳಿ ಕಳಿಸಿದ್ದೇವೆ. ಇದು ಹೇಗೆ? ರಾತ್ರಿಗಳನ್ನು ಒಂದೊಂದಾಗಿ ನೋಡಿದರೆ ತಿಳಿಯುತ್ತದೆ. ಒಂಬತ್ತು ರಾತ್ರಿ 20ಕ್ಕೆ 20. ಭಾನುವಾರದ ರಾತ್ರಿಗಳಲ್ಲಿ 11, 12. ಶನಿವಾರ ಮನೆಗೆ ಹೋಗಬೇಕೆಂದು ಜನ ಕೇಳುತ್ತಾರೆ, ಭಾನುವಾರ ಮೊದಲೇ ಗೊತ್ತುಮಾಡಿದ ಆಪರೇಷನ್ ಯಾವುದೂ ಇರುವುದಿಲ್ಲ. ಸೋಮವಾರ, ಮಂಗಳವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ. ಭಾನುವಾರದ ಖಾಲಿ ಮಂಚವನ್ನು ಮಂಗಳವಾರ ಬಂದವನಿಗೆ ಕೊಡಲಾಗದು. ತಿಂಗಳ ಸರಾಸರಿ ಎರಡನ್ನೂ ಬೆರೆಸಿ 82 ಎಂದು ಹೇಳುತ್ತದೆ. ಬೆಡ್ ಇಲ್ಲದೆ ಹಿಂದಕ್ಕೆ ಹೋದವನ ಹೆಸರು ದಾಖಲಾತಿ ರಿಜಿಸ್ಟರಿಗೂ ಬರುವುದಿಲ್ಲ, ಬಿಡುಗಡೆ ರಿಜಿಸ್ಟರಿಗೂ ಬರುವುದಿಲ್ಲ. ಈ ಎರಡು ಪುಸ್ತಕಗಳಿಂದ ಎಷ್ಟು ಚೆನ್ನಾಗಿ ಲೆಕ್ಕ ಮಾಡಿದರೂ ಆ ಮನುಷ್ಯ ಕಾಣುವುದಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮಧ್ಯರಾತ್ರಿಯ ಎಣಿಕೆಗೆ ಇನ್ನೊಂದು ಮಿತಿಯಿದೆ. ಬೆಳಿಗ್ಗೆ ಹತ್ತಕ್ಕೆ ರೌಂಡ್ಸ್ ಬಂದ ಡಾಕ್ಟರು "ಮನೆಗೆ ಹೋಗಬಹುದು" ಎಂದು ಬರೆಯುತ್ತಾರೆ. ಅಲ್ಲಿಂದ ಡಿಸ್‌ಚಾರ್ಜ್ ಸಮ್ಮರಿ ಬರೆಯಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ಸು ಹೋಗಬೇಕು, ಬಿಲ್ಲಾಗಬೇಕು, ಇನ್ಶೂರೆನ್ಸ್ ಇದ್ದರೆ ಟಿಪಿಎಯಿಂದ ಒಪ್ಪಿಗೆ ಬರಬೇಕು. ರೋಗಿ ಮಂಚ ಬಿಡುವಾಗ ಸಂಜೆ ಐದು, ಆರು. ಹೊಸ ರೋಗಿ ಬಂದು ಕ್ಯಾಷುಯಾಲಿಟಿಯಲ್ಲಿ ಕಾಯುತ್ತಿರುವುದು ಬೆಳಿಗ್ಗೆ ಹನ್ನೊಂದರಿಂದ. ಆ ಆರೇಳು ಗಂಟೆ ವಾರ್ಡು ನಿಜವಾಗಿ ತುಂಬಿರುತ್ತದೆ. ಸಿಸ್ಟರ್ ರಾತ್ರಿ ಎಣಿಸುವ ಹೊತ್ತಿಗೆ ಒಬ್ಬ ಹೋಗಿ ಇನ್ನೊಬ್ಬ ಬಂದು ಎಲ್ಲ ಸಮಾಧಾನವಾಗಿರುತ್ತದೆ. ನಮ್ಮ ಜೂನಿನಲ್ಲಿ ಖಾಲಿ ಬಿದ್ದ ಹಾಸಿಗೆ ದಿನಗಳು 600ರಲ್ಲಿ 492 ಕಳೆದು 108. ಹೊರಟವರು 96. ಅಂದರೆ ಒಬ್ಬ ಎದ್ದ ಮೇಲೆ ಇನ್ನೊಬ್ಬ ಬಂದು ಮಲಗುವವರೆಗೆ ಲೆಕ್ಕದ ಪ್ರಕಾರ ಒಂದು ಮಂಚ ಸರಾಸರಿ 27 ಗಂಟೆ ಖಾಲಿ. ಕಾದು ಕುಳಿತವನಿಗೆ ಈ ಅಂಕಿ ಹೇಳಿದರೆ ಅವನು ನಂಬುವುದಿಲ್ಲ. ಅವನು ನೋಡಿದ್ದು ಹಗಲನ್ನು.

ಮಂಚಗಳ ಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. ಗೋಡೆಗೆ ಸುಣ್ಣ ಹೊಡೆಯಲು ಎರಡು ಮಂಚಗಳನ್ನು ಹತ್ತು ದಿನ ಮುಚ್ಚಿದ್ದರೆ ಇದ್ದ ಹಾಸಿಗೆ ದಿನ 600 ಅಲ್ಲ, 580. ಆಗ ಅದೇ 492ಕ್ಕೆ ಸುಮಾರು ಶೇಕಡಾ 85 ಬರುತ್ತದೆ. ಜ್ವರದ ಕಾಲದಲ್ಲಿ ವರಾಂಡದಲ್ಲಿ ಮಂಚ ಹಾಕಿದರೆ ಅವನ್ನು ಇದ್ದ ಮಂಚಗಳಿಗೆ ಸೇರಿಸಬೇಕೇ ಬೇಡವೇ ಎಂದು ಮೊದಲೇ ತೀರ್ಮಾನಿಸಿ, ವರ್ಷವಿಡೀ ಅದನ್ನೇ ಪಾಲಿಸಬೇಕು. ಮಂಜೂರಾದ ಮಂಚಗಳನ್ನಷ್ಟೇ ಹಿಡಿದರೆ ಭರ್ತಿ ಶೇಕಡಾ 100ನ್ನು ದಾಟುತ್ತದೆ. ದಾಟಿದರೆ ತಪ್ಪೇನಿಲ್ಲ, ಜನ ವರಾಂಡದಲ್ಲಿ ಮಲಗಿದ್ದರು ಎಂಬುದೇ ಅದರ ಅರ್ಥ. ಹೆರಿಗೆ ವಾರ್ಡಿನಲ್ಲಿ ಇನ್ನೊಂದು ನಿಯಮ. ಶಿವಾಜಿನಗರದ ಘೋಷಾ ಆಸ್ಪತ್ರೆಯಂಥ ಕಡೆ ತಾಯಿಯ ಪಕ್ಕದಲ್ಲಿ ಮಲಗಿರುವ ಆರೋಗ್ಯವಂತ ಕೂಸನ್ನು ಬೇರೆ ರೋಗಿ ಎಂದು ಎಣಿಸುವುದಿಲ್ಲ. ಕೂಸಿಗೆ ಚಿಕಿತ್ಸೆ ಬೇಕಾಗಿ ನವಜಾತ ಶಿಶುಗಳ ಘಟಕಕ್ಕೆ ಸೇರಿಸಿದಾಗ ಅದಕ್ಕೂ ಒಂದು ನಂಬರು, ಒಂದು ಹಾಸಿಗೆ ದಿನ.

ಈ ಎರಡು ಅಂಕಿಗಳು ಒಟ್ಟಿಗೆ ಕೆಲಸಕ್ಕೆ ಬರುವುದು ಹೊಸ ಆಸ್ಪತ್ರೆಗೆ ಎಷ್ಟು ಮಂಚ ಬೇಕು ಎಂದು ಗೊತ್ತುಮಾಡುವಾಗ. ಜಿಲ್ಲಾ ಆಸ್ಪತ್ರೆಗಳಿಗಾಗಿ ಕೇಂದ್ರ ಆರೋಗ್ಯ ಇಲಾಖೆ 2012ರಲ್ಲಿ ಪರಿಷ್ಕರಿಸಿದ ಮಾನದಂಡಗಳಲ್ಲಿ ಒಂದು ಸರಳ ಅಂದಾಜಿತ್ತು: ವರ್ಷಕ್ಕೆ 50 ಜನರಲ್ಲಿ ಒಬ್ಬರು ದಾಖಲಾಗುತ್ತಾರೆ, ಸರಾಸರಿ 5 ದಿನ ಇರುತ್ತಾರೆ. 10 ಲಕ್ಷ ಜನರಿರುವ ಜಿಲ್ಲೆಯಾದರೆ 20,000 ದಾಖಲಾತಿ, ಒಂದು ಲಕ್ಷ ಹಾಸಿಗೆ ದಿನ. 365ರಿಂದ ಭಾಗಿಸಿದರೆ 274 ಮಂಚ. ಆದರೆ ಒಂದು ಮಂಚವೂ ಒಂದು ದಿನವೂ ಖಾಲಿ ಇರದಿದ್ದರೆ ಮಾತ್ರ ಇಷ್ಟು ಸಾಕು. ನಮ್ಮ ಸೋಮವಾರ, ಭಾನುವಾರಗಳ ಕಥೆ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಜಾಗ ಇಟ್ಟುಕೊಳ್ಳಬೇಕು. ಶೇಕಡಾ 80 ಭರ್ತಿ ಇರಲಿ ಎಂದುಕೊಂಡರೆ 274ನ್ನು 0.8ರಿಂದ ಭಾಗಿಸಬೇಕು. 343 ಮಂಚ ಬೇಕು. ಇಲ್ಲಿ ಭಾಗಿಸುವ ಬದಲು ಗುಣಿಸಿಬಿಟ್ಟವರನ್ನು ನಾನು ನೋಡಿದ್ದೇನೆ. 274ರ ಶೇಕಡಾ 80 ಎಂದು 219 ಬರೆಯುತ್ತಾರೆ. 219 ಮಂಚ ಹಾಕಿದ ಆಸ್ಪತ್ರೆಯಲ್ಲಿ ದಿನವೂ 274 ಜನ ಮಲಗಬೇಕಾದರೆ 55 ಜನ ನೆಲದ ಮೇಲೆ ಮಲಗಬೇಕು. ಉತ್ತರ ಬಂದ ಮೇಲೆ ಸುಮ್ಮನೆ ಒಮ್ಮೆ ಕೇಳಿಕೊಂಡರೆ ಸಾಕು: ಮಂಚ ಖಾಲಿ ಇರಲು ಜಾಗ ಬಿಟ್ಟ ಮೇಲೆ ಮಂಚ ಹೆಚ್ಚು ಬೇಕೋ, ಕಡಿಮೆ ಬೇಕೋ?

ಅದೇ ಲೆಕ್ಕದಲ್ಲಿ 5 ದಿನದ ಬದಲು 4 ದಿನ ಎಂದು ಹಾಕಿ ನೋಡಿ. 80,000 ಹಾಸಿಗೆ ದಿನ. ಶೇಕಡಾ 80 ಭರ್ತಿಗೆ 274 ಮಂಚ ಸಾಕು. ಒಬ್ಬೊಬ್ಬರೂ ಒಂದು ದಿನ ಬೇಗ ಮನೆಗೆ ಹೋದರೆ ಸುಮಾರು 69 ಮಂಚ ಕಟ್ಟುವುದು ಉಳಿಯುತ್ತದೆ. ಆದರೆ ಆ ಒಂದು ದಿನ ಯಾವುದು ಎಂಬುದನ್ನು ನೋಡಬೇಕು. ಗಾಯ ಮಾಗುವ ಮೊದಲೇ ರೋಗಿಯನ್ನು ಎಬ್ಬಿಸಿ ಕಳಿಸಿದರೂ ಸರಾಸರಿ ಇಳಿಯುತ್ತದೆ, ನಾಲ್ಕು ದಿನಕ್ಕೆ ಅವನೇ ಜ್ವರ ಹೊತ್ತು ಮತ್ತೆ ಬರುತ್ತಾನೆ. ಮತ್ತೆ ಬಂದಾಗ ಹೊಸ ನಂಬರು, ಹೊಸ ದಾಖಲಾತಿ, ಇನ್ನೂ ಮೂರು ದಿನ. ಒಬ್ಬನೇ ಮನುಷ್ಯ ಎರಡು ಸಣ್ಣ ವಾಸ್ತವ್ಯಗಳಾಗಿ ಸರಾಸರಿಯನ್ನು ಇನ್ನಷ್ಟು ಇಳಿಸುತ್ತಾನೆ. ಆದ್ದರಿಂದ ವಾಸ್ತವ್ಯ ಇಳಿದ ತಿಂಗಳಲ್ಲಿ, ಹದಿನೈದು ದಿನ, ತಿಂಗಳೊಳಗೆ ಮರಳಿ ಬಂದವರ ಹೆಸರುಗಳನ್ನು ನಾನು ಮೊದಲು ನೋಡುತ್ತಿದ್ದೆ.

ತಾತನ ಕೇಸ್ ಶೀಟನ್ನು ನಾನು ಪೂರ್ತಿ ಓದಿದೆ. ಮೇ 20ಕ್ಕೆ ಡಾಕ್ಟರು ಬರೆದಿದ್ದರು: ಮನೆಗೆ ಹೋಗಬಹುದು. ಅಲ್ಲಿಂದ ಜೂನ್ 22ರವರೆಗೆ 33 ದಿನ ಹಾಳೆಗಳಲ್ಲಿ ಹೆಚ್ಚೇನೂ ಇಲ್ಲ. ಬಿಪಿ, ಊಟ ಮಾಡಿದರು, ನಿದ್ದೆ ಮಾಡಿದರು. ಸಿಸ್ಟರನ್ನು ಕೇಳಿದೆ. "ಮನೆ ಎರಡನೇ ಮಹಡಿಯಲ್ಲಿ ಸರ್. ಲಿಫ್ಟ್ ಇಲ್ಲ. ಅಜ್ಜಿ ಒಬ್ರೇ. ಇವರು ಮೆಟ್ಟಿಲು ಹತ್ತೋ ಹಾಗಿಲ್ಲ. ಮಗ ನೆಲಮಹಡಿಯ ಮನೆ ಬಾಡಿಗೆಗೆ ಹುಡುಕ್ತಾ ಇದ್ದರು" ಅಂದರು. 78 ದಿನದಲ್ಲಿ 45 ದಿನ ಮೂಳೆಯದು, 33 ದಿನ ಮೆಟ್ಟಿಲಿನದು. ರಿಜಿಸ್ಟರಿನಲ್ಲಿ ಎರಡೂ ಒಂದೇ ಬಣ್ಣದ ಶಾಯಿಯಲ್ಲಿ ಕೂಡಿಹೋಗಿದ್ದವು.

ಮುಂದಿನ ತಿಂಗಳಿನಿಂದ ಬಿಡುಗಡೆ ರಿಜಿಸ್ಟರಿನಲ್ಲಿ ಒಂದು ಹೊಸ ಅಂಕಣ ಗೆರೆ ಹಾಕಿಸಿದೆ. ಬಂದ ತಾರೀಖು, ಹೋದ ತಾರೀಖು, ಇವೆರಡರ ನಡುವೆ ಮೂರನೆಯದು: 'ಹೋಗಬಹುದು' ಎಂದು ಡಾಕ್ಟರು ಬರೆದ ತಾರೀಖು. ಮೊದಲ ವಾರ ಸಿಸ್ಟರುಗಳು ಅದನ್ನು ಖಾಲಿ ಬಿಡುತ್ತಿದ್ದರು. ನಾನು ದಿನಾ ಸಂಜೆ ವಾರ್ಡಿಗೆ ಹೋಗಿ ಕೇಸ್ ಶೀಟು ನೋಡಿ ತುಂಬಿಸುತ್ತಿದ್ದೆ. ಎರಡನೆಯ ವಾರದ ಹೊತ್ತಿಗೆ ಆ ಮಂಗಳೂರು ಕಡೆಯ ಸಿಸ್ಟರೇ ತುಂಬಿಸತೊಡಗಿದರು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕಾರಣವನ್ನೂ ಬರೆಯುತ್ತಿದ್ದರು: ಬಿಲ್ಲು. ಟಿಪಿಎ. ಆಂಬುಲೆನ್ಸ್ ಇಲ್ಲ. ಮಗಳು ಹುಬ್ಬಳ್ಳಿಯಿಂದ ಬರಬೇಕು. ಮನೆ ಮೇಲಿನ ಮಹಡಿ.